ಐದು ವರ್ಷದಲ್ಲಿ ಮನೆ ಸಾಮಾನು ಎಷ್ಟು ದುಬಾರಿಯಾಯಿತು? ನಿಮ್ಮ ಮನೆಯ ಬೆಲೆ ಸೂಚ್ಯಂಕ ನೀವೇ ಹಾಕಿ

ನಮ್ಮ ಮನೆಯಲ್ಲಿ ಬೆಲೆ ಏರಿಕೆಯ ಮಾತು ಬಂದರೆ ಅಮ್ಮನದೊಂದು ಲೆಕ್ಕ, ಅಪ್ಪನದೊಂದು ಲೆಕ್ಕ. "ತೊಗರಿ ಬೇಳೆ ನೂರು ರೂಪಾಯಿಗೆ ತರ್ತಿದ್ದೆ, ಈಗ ನೂರ ಎಪ್ಪತ್ತು" ಅಂತ ಅಮ್ಮ. "ಹಾಲು ನೋಡು, ಮೂವತ್ತೈದು ಇದ್ದದ್ದು ನಲವತ್ತೆರಡು ಆಗಿದೆ, ಅಷ್ಟೇ ಅಲ್ವಾ" ಅಂತ ಅಪ್ಪ. ಇಬ್ಬರೂ ಹೇಳುವುದು ನಿಜ. ಒಂದು ಶೇಕಡ 70 ಏರಿದೆ, ಇನ್ನೊಂದು ಶೇಕಡ 20. ಹಾಗಾದರೆ ಇಡೀ ಮನೆಗೆ ಎಷ್ಟು ಏರಿದ ಹಾಗಾಯಿತು?

ಇದಕ್ಕೆ ಒಂದೇ ಸಂಖ್ಯೆಯಲ್ಲಿ ಉತ್ತರ ಕೊಡುವುದೇ ಬೆಲೆ ಸೂಚ್ಯಂಕ. ಅಮ್ಮ ವರ್ಷಗಳಿಂದ ಬರೆದಿಟ್ಟ ಖರ್ಚಿನ ಪುಸ್ತಕ ಮುಂದಿಟ್ಟುಕೊಂಡು ನಾನು ಇದನ್ನು ಹಾಕಿದೆ. ಹೇಗೆ ಹಾಕಿದೆ ಅನ್ನುವುದನ್ನು ಇಲ್ಲಿ ಒಂದೊಂದೇ ಹೆಜ್ಜೆಯಾಗಿ ಬರೆಯುತ್ತಿದ್ದೇನೆ. ಲೆಕ್ಕ ಕಣ್ಣಿಗೆ ಕಾಣುವಂತಿರಲಿ ಎಂದು ಐದೇ ಸಾಮಾನು ತೆಗೆದುಕೊಂಡಿದ್ದೇನೆ, ಅಂಕಿಗಳನ್ನು ದುಂಡು ಮಾಡಿದ್ದೇನೆ. ನೀವು ಇಪ್ಪತ್ತು ಸಾಮಾನು ಹಾಕಿದರೂ ದಾರಿ ಇದೇ.

ಮೊದಲು ಪಟ್ಟಿ, ಆಮೇಲೆ ಬೆಲೆ

ಎರಡು ವರ್ಷ ಆರಿಸಿಕೊಳ್ಳಿ. ಹಳೆಯದು ಮೂಲ ವರ್ಷ, ಅದರ ಸೂಚ್ಯಂಕ ಯಾವಾಗಲೂ 100. ನಾನು ಮೂಲ ವರ್ಷವಾಗಿ 2019 ಇಟ್ಟುಕೊಂಡೆ, ಹೋಲಿಸಿದ್ದು 2024ಕ್ಕೆ. ಮೂಲ ವರ್ಷ ಸಾಮಾನ್ಯ ವರ್ಷವಾಗಿರಬೇಕು. 2020 ಇಟ್ಟುಕೊಂಡರೆ ಲಾಕ್‌ಡೌನ್ ತಿಂಗಳುಗಳ ಖರ್ಚು ಎಲ್ಲವನ್ನೂ ಬುಡಮೇಲು ಮಾಡುತ್ತದೆ. ಬಸ್ ಖರ್ಚು ಇಲ್ಲವೇ ಇಲ್ಲ, ದಿನಸಿ ಜಾಸ್ತಿ.

ಈಗ ಮೂಲ ವರ್ಷದಲ್ಲಿ ತಿಂಗಳಿಗೆ ಏನೇನು ಎಷ್ಟೆಷ್ಟು ಖರ್ಚಾಗುತ್ತಿತ್ತು ಅಂತ ಬರೆಯಿರಿ. ಇಲ್ಲಿ ಒಂದೇ ತಿಂಗಳ ಚೀಟಿ ನಂಬಬೇಡಿ. ಅಕ್ಕಿ ಮೂಟೆ ಒಂದು ತಿಂಗಳು ಎರಡು ಬಂದಿರಬಹುದು, ಮುಂದಿನ ತಿಂಗಳು ಒಂದೂ ಇರಲಿಕ್ಕಿಲ್ಲ. ಇಡೀ ವರ್ಷದ್ದು ಕೂಡಿಸಿ 12ರಿಂದ ಭಾಗಿಸಿ. ವರ್ಷಕ್ಕೆ 9 ಸಿಲಿಂಡರ್ ಬಂದಿದ್ದರೆ ತಿಂಗಳಿಗೆ 0.75 ಸಿಲಿಂಡರ್ ಅಂತಲೇ ಬರೆಯಿರಿ. ನಮ್ಮಲ್ಲಿ ಸರಿಯಾಗಿ 12 ಬಂದಿದ್ದವು.

ಬೆಲೆಯನ್ನೂ ವರ್ಷದ ಸರಾಸರಿಯಾಗಿ ತೆಗೆದುಕೊಳ್ಳಿ. ತರಕಾರಿಗೆ ಇದು ತುಂಬಾ ಮುಖ್ಯ. 2023ರ ಜುಲೈಯಲ್ಲಿ ಟೊಮೆಟೊ ಕೆ.ಜಿ.ಗೆ ನೂರು ರೂಪಾಯಿ ದಾಟಿದ್ದು ನೆನಪಿದೆಯಲ್ವಾ? ಆ ಒಂದು ತಿಂಗಳ ಬೆಲೆ ಹಿಡಿದು ಇಡೀ ವರ್ಷ ಅಳೆದರೆ ಲೆಕ್ಕ ಕೆಟ್ಟಿತು. ಸರಾಸರಿ ತೆಗೆಯುವಾಗಲೂ ಒಂದು ಎಚ್ಚರ ಬೇಕು. ಅಗ್ಗವಿದ್ದಾಗ 20 ರೂಪಾಯಿಗೆ 3 ಕೆ.ಜಿ. ತಂದಿರಿ, ದುಬಾರಿಯಾದಾಗ 100 ರೂಪಾಯಿಗೆ 1 ಕೆ.ಜಿ. ತಂದಿರಿ ಅಂದುಕೊಳ್ಳಿ. ಎರಡು ಬೆಲೆ ಕೂಡಿಸಿ ಎರಡರಿಂದ ಭಾಗಿಸಿದರೆ 60 ಬರುತ್ತದೆ. ಆದರೆ ನೀವು ಕೊಟ್ಟದ್ದು 160 ರೂಪಾಯಿ, ಬಂದದ್ದು 4 ಕೆ.ಜಿ. ಅಂದರೆ ಕೆ.ಜಿ.ಗೆ 40. ಒಟ್ಟು ರೂಪಾಯಿಯನ್ನು ಒಟ್ಟು ಕೆ.ಜಿ.ಯಿಂದ ಭಾಗಿಸುವುದೇ ಸರಿ. ತೂಕದ ಸರಾಸರಿ ಅಂದರೆ ಇದೇ: ಯಾವುದನ್ನು ಹೆಚ್ಚು ತಂದಿದ್ದೀರೋ ಅದರ ಬೆಲೆಗೆ ಹೆಚ್ಚು ಮಾತು.

ನಮ್ಮ ಪಟ್ಟಿ ಹೀಗಾಯಿತು:

| ಸಾಮಾನು | ತಿಂಗಳಿಗೆ | 2019 ಬೆಲೆ (₹) | 2024 ಬೆಲೆ (₹) | ಆಗಿನ ಖರ್ಚು (₹) | ಅಷ್ಟೇ ಸಾಮಾನಿಗೆ ಈಗ (₹) |
|---|---|---|---|---|---|
| ಅಕ್ಕಿ | 25 ಕೆ.ಜಿ. | 48 | 60 | 1,200 | 1,500 |
| ತೊಗರಿ ಬೇಳೆ | 4 ಕೆ.ಜಿ. | 100 | 170 | 400 | 680 |
| ಅಡುಗೆ ಎಣ್ಣೆ | 4 ಲೀಟರ್ | 100 | 130 | 400 | 520 |
| ಹಾಲು | 40 ಲೀಟರ್ | 35 | 42 | 1,400 | 1,680 |
| ಗ್ಯಾಸ್ | 1 ಸಿಲಿಂಡರ್ | 600 | 810 | 600 | 810 |
| ಒಟ್ಟು | | | | 4,000 | 5,190 |

ಸುಮ್ನೆ ಬೆಲೆ ಕೂಡಿಸಿದರೆ ಏನಾಗುತ್ತದೆ

ಮೊದಲ ಸಲ ನಾನು ಮಾಡಿದ್ದು ಇದನ್ನೇ. ಐದೂ ಬೆಲೆ ಕೂಡಿಸಿದೆ. 2019ರಲ್ಲಿ 883, 2024ರಲ್ಲಿ 1,212. ಭಾಗಿಸಿ 100ರಿಂದ ಗುಣಿಸಿದರೆ 137.3. ನೋಡಲು ಸರಿಯಾಗಿದೆ ಅನ್ನಿಸಿತು.

ಆಮೇಲೆ ಗ್ಯಾಸ್ ಬೆಲೆಯನ್ನು ಸಿಲಿಂಡರ್ ಬದಲು ಕೆ.ಜಿ. ಲೆಕ್ಕದಲ್ಲಿ ಬರೆದು ನೋಡಿದೆ. ಮನೆ ಸಿಲಿಂಡರಿನಲ್ಲಿ 14.2 ಕೆ.ಜಿ. ಗ್ಯಾಸ್ ಇರುತ್ತದೆ. ಹಾಗಾಗಿ ಆಗ ಕೆ.ಜಿ.ಗೆ 42.25, ಈಗ 57.04. ಮತ್ತೆ ಕೂಡಿಸಿ ಭಾಗಿಸಿದರೆ 141.1 ಬಂತು! ಬೆಲೆ ಒಂದು ಪೈಸೆ ಬದಲಾಗಿಲ್ಲ. ಅಳತೆಯ ಹೆಸರು ಬದಲಾಯಿಸಿದ್ದಕ್ಕೆ ಉತ್ತರ ಸುಮಾರು ನಾಲ್ಕು ಅಂಶ ಜಿಗಿಯಿತು. ಇಂಥ ಲೆಕ್ಕವನ್ನು ನಂಬಲಾಗದು.

ಇನ್ನೊಂದು ದಾರಿ ಇದೆ. ಪ್ರತಿ ಸಾಮಾನಿಗೂ ಈಗಿನ ಬೆಲೆಯನ್ನು ಆಗಿನ ಬೆಲೆಯಿಂದ ಭಾಗಿಸಿ 100ರಿಂದ ಗುಣಿಸುವುದು. ಅಕ್ಕಿಗೆ 125, ಬೇಳೆಗೆ 170, ಎಣ್ಣೆಗೆ 130, ಹಾಲಿಗೆ 120, ಗ್ಯಾಸಿಗೆ 135. ಇದನ್ನು ಬೆಲೆ ಅನುಪಾತ ಅನ್ನೋಣ. ಇಲ್ಲಿ ಅಳತೆಯ ತೊಂದರೆ ಇಲ್ಲ, ಕೆ.ಜಿ.ಗೆ ಹಾಕಿದರೂ ಸಿಲಿಂಡರಿಗೆ ಹಾಕಿದರೂ ಗ್ಯಾಸ್ 135 ಅಂತಲೇ ಬರುತ್ತದೆ. ಐದರ ಸರಾಸರಿ 136. ಆದರೆ ಇದೂ ನಮ್ಮ ಮನೆಯ ಉತ್ತರ ಅಲ್ಲ. ತಿಂಗಳಿಗೆ 1,400 ರೂಪಾಯಿಯ ಹಾಲು, 400 ರೂಪಾಯಿಯ ಬೇಳೆ ಎರಡಕ್ಕೂ ಇಲ್ಲಿ ಸಮ ಮಹತ್ವ ಕೊಟ್ಟ ಹಾಗಾಯಿತು. ಪಟ್ಟಿಗೆ ಒಂದು ಪ್ಯಾಕೆಟ್ ಉಪ್ಪು ಸೇರಿಸಿ ನೋಡಿ. ಅದು 20ರಿಂದ 30ಕ್ಕೆ ಏರಿದೆ ಅಂದುಕೊಂಡರೆ ಸರಾಸರಿ 138.3ಕ್ಕೆ ಹೋಗುತ್ತದೆ. ತಿಂಗಳಿಗೆ ಹತ್ತು ರೂಪಾಯಿ ಹೆಚ್ಚಾದದ್ದಕ್ಕೆ ಇಡೀ ಮನೆಯ ಸೂಚ್ಯಂಕ ಎರಡು ಅಂಶಕ್ಕೂ ಹೆಚ್ಚು ಏರಬಾರದು, ಅಲ್ವಾ?

ತೂಕ ಕೊಡುವುದು

ತೂಕ ಅಂದರೆ ಇಲ್ಲಿ ಕೆ.ಜಿ. ಅಲ್ಲ. ಮೂಲ ವರ್ಷದ ಒಟ್ಟು ಖರ್ಚಿನಲ್ಲಿ ಆ ಸಾಮಾನಿನ ಪಾಲು ಎಷ್ಟು ಅನ್ನುವುದೇ ಅದರ ತೂಕ. ನಮ್ಮ 4,000 ರೂಪಾಯಿಯಲ್ಲಿ ಅಕ್ಕಿ 1,200, ಅಂದರೆ ಶೇಕಡ 30. ಬೇಳೆ 10, ಎಣ್ಣೆ 10, ಹಾಲು 35, ಗ್ಯಾಸ್ 15. ಕೂಡಿಸಿದರೆ 100 ಬರಬೇಕು. ಬರದಿದ್ದರೆ ಎಲ್ಲೋ ಒಂದು ಸಾಲು ತಪ್ಪಿದೆ, ಅಲ್ಲೇ ನಿಂತು ಹುಡುಕಿ.

ಈಗ ಪ್ರತಿ ಬೆಲೆ ಅನುಪಾತವನ್ನು ಅದರ ತೂಕದಿಂದ ಗುಣಿಸಿ, ಕೂಡಿಸಿ, 100ರಿಂದ ಭಾಗಿಸಿ. ಅಕ್ಕಿಯಿಂದ 37.5, ಬೇಳೆಯಿಂದ 17, ಎಣ್ಣೆಯಿಂದ 13, ಹಾಲಿನಿಂದ 42, ಗ್ಯಾಸಿನಿಂದ 20.25. ಒಟ್ಟು 129.75.

ಇದೇ ನಮ್ಮ ಮನೆಯ ಸೂಚ್ಯಂಕ. 2019ರಲ್ಲಿ 100 ರೂಪಾಯಿಗೆ ಬರುತ್ತಿದ್ದ ಸಾಮಾನಿಗೆ 2024ರಲ್ಲಿ 129 ರೂಪಾಯಿ 75 ಪೈಸೆ ಬೇಕು. ಏರಿಕೆ ಶೇಕಡ 29.75. ಅಮ್ಮ ಹೇಳಿದ 70ಕ್ಕಿಂತ ತುಂಬಾ ಕಡಿಮೆ, ಅಪ್ಪ ಹೇಳಿದ 20ಕ್ಕಿಂತ ಜಾಸ್ತಿ. ಉಪ್ಪನ್ನು ಸೇರಿಸಿ ಹಾಕಿದರೂ ಇದು 129.85 ಆಗುತ್ತದೆ, ಅಷ್ಟೇ.

ಈ ಉತ್ತರವನ್ನು ಪರೀಕ್ಷಿಸಲು ಒಂದು ಸುಲಭ ಉಪಾಯ ಇದೆ, ಯಾವತ್ತೂ ಬಿಡಬೇಡಿ. ಮೇಲಿನ ಪಟ್ಟಿಯ ಕೊನೆಯ ಎರಡು ಒಟ್ಟು ಮೊತ್ತ ನೋಡಿ. 5,190ನ್ನು 4,000ದಿಂದ ಭಾಗಿಸಿ 100ರಿಂದ ಗುಣಿಸಿದರೆ ಅದೂ 129.75. ಎರಡು ದಾರಿಯೂ ಒಂದೇ ಲೆಕ್ಕದ ಎರಡು ಮುಖ. ಅವು ದಶಾಂಶದವರೆಗೂ ಹೊಂದಲೇಬೇಕು. ಹೊಂದದಿದ್ದರೆ ಹೆಚ್ಚಿನ ಸಲ ಆಗಿರುವ ತಪ್ಪು ಒಂದೇ: ತೂಕವನ್ನು ಮೂಲ ವರ್ಷದ ಖರ್ಚಿನಿಂದ ತೆಗೆಯುವ ಬದಲು ಈಗಿನ ಖರ್ಚಿನಿಂದ ತೆಗೆದಿರುತ್ತೀರಿ. 5,190ರಲ್ಲಿ ಪಾಲು ಹಾಕಿ ಇದೇ ಲೆಕ್ಕ ಮಾಡಿದರೆ 131.3 ಬರುತ್ತದೆ. ಬೆಲೆ ಏರಿದ ಸಾಮಾನಿನ ಪಾಲು ಈಗ ತಾನಾಗಿ ದೊಡ್ಡದಾಗಿದೆ. ಆ ಏರಿಕೆಯನ್ನು ಎರಡು ಸಲ ಎಣಿಸಿದಂತಾಗುತ್ತದೆ.

ಎಕ್ಸೆಲ್ ಅಥವಾ ಗೂಗಲ್ ಶೀಟ್‌ನಲ್ಲಿ ಹಾಕುವವರಿಗೆ ಕೆಲಸ ಇನ್ನೂ ಹಗುರ. ಎರಡನೇ ಸಾಲಿನಿಂದ ಆರನೇ ಸಾಲಿನವರೆಗೆ C ಕಾಲಂನಲ್ಲಿ ಪ್ರಮಾಣ, D ಕಾಲಂನಲ್ಲಿ 2019ರ ಬೆಲೆ, E ಕಾಲಂನಲ್ಲಿ 2024ರ ಬೆಲೆ ತುಂಬಿ, ಖಾಲಿ ಸೆಲ್ ಒಂದರಲ್ಲಿ ಇದನ್ನು ಬರೆಯಿರಿ:

```
=SUMPRODUCT(C2:C6,E2:E6)/SUMPRODUCT(C2:C6,D2:D6)*100
```

"ಆದರೆ ನಾವು ಈಗ ಅಷ್ಟು ಬೇಳೆ ತರುವುದೇ ಇಲ್ಲ"

ಲೆಕ್ಕ ತೋರಿಸಿದಾಗ ಅಮ್ಮ ಹೇಳಿದ ಮೊದಲ ಮಾತು ಇದು. ತೊಗರಿ ತುಟ್ಟಿಯಾದ ಮೇಲೆ ಅಮ್ಮ 3 ಕೆ.ಜಿ. ತೊಗರಿ, 1 ಕೆ.ಜಿ. ಹೆಸರುಬೇಳೆ ತರುತ್ತಾರೆ. ವಾರದಲ್ಲಿ ಎರಡು ದಿನ ಹೆಸರುಬೇಳೆ ತೊವ್ವೆ. ಹಾಗಾದರೆ ಹಳೆಯ ಪಟ್ಟಿ ಹಿಡಿದು ಅಳೆದದ್ದು ನ್ಯಾಯವೇ?

ಇದು ಸೂಚ್ಯಂಕದವರ ಹಳೆಯ ಚರ್ಚೆ. ಹಳೆಯ ವರ್ಷದ ಪ್ರಮಾಣ ಹಿಡಿದು ಲೆಕ್ಕ ಹಾಕುವ ದಾರಿಗೆ ಜರ್ಮನಿಯ ಎತಿಯೆನ್ ಲಾಸ್ಪೇರ್ಸ್ ಹೆಸರಿದೆ, ಅವರು ಅದನ್ನು ಮುಂದಿಟ್ಟದ್ದು 1871ರಲ್ಲಿ. ನಾವು ಮೇಲೆ ಮಾಡಿದ್ದು ಅದನ್ನೇ. ಮೂರು ವರ್ಷದ ನಂತರ ಅದೇ ದೇಶದ ಹೆರ್ಮನ್ ಪಾಶೆ ಇದಕ್ಕೆ ತಿರುಗಿಸಿದ ದಾರಿ ಹೇಳಿದರು: ಈಗಿನ ಪಟ್ಟಿ ಹಿಡಿಯಿರಿ, ಅದೇ ಸಾಮಾನು ಹಳೆಯ ಬೆಲೆಗೆ ಎಷ್ಟಾಗುತ್ತಿತ್ತು ನೋಡಿ.

ಹಾಕಿ ನೋಡೋಣ. ಹೆಸರುಬೇಳೆ 2019ರಲ್ಲಿ 90, 2024ರಲ್ಲಿ 120 ಅಂತ ಪುಸ್ತಕದಲ್ಲಿದೆ. ಉಳಿದ ನಾಲ್ಕು ಸಾಮಾನು ಮೊದಲಿನಷ್ಟೇ ಇರಲಿ. ಈಗಿನ ಪಟ್ಟಿಗೆ ಈಗಿನ ಬೆಲೆಯಲ್ಲಿ 5,140 ರೂಪಾಯಿ. ಅದೇ ಪಟ್ಟಿಗೆ 2019ರ ಬೆಲೆಯಲ್ಲಿ 3,990. ಭಾಗಿಸಿದರೆ 128.8.

ಹಳೆಯ ಪಟ್ಟಿ 129.75 ಅನ್ನುತ್ತದೆ, ಹೊಸ ಪಟ್ಟಿ 128.8. ಜನ ತುಟ್ಟಿಯಾದದ್ದನ್ನು ಕಡಿಮೆ ಮಾಡಿ ಅಗ್ಗವಾದದ್ದಕ್ಕೆ ಹೊರಳುವುದರಿಂದ ಸಾಮಾನ್ಯವಾಗಿ ಹಳೆಯ ಪಟ್ಟಿಯ ಉತ್ತರ ಸ್ವಲ್ಪ ಮೇಲೆ, ಹೊಸ ಪಟ್ಟಿಯದು ಸ್ವಲ್ಪ ಕೆಳಗೆ ಇರುತ್ತದೆ. ನಡುವಿನದು ಬೇಕಾದರೆ ಎರಡನ್ನೂ ಗುಣಿಸಿ ವರ್ಗಮೂಲ ತೆಗೆಯಿರಿ, ಸುಮಾರು 129.3. ಅಮೆರಿಕದ ಇರ್ವಿಂಗ್ ಫಿಶರ್ ಇದನ್ನೇ ಆದರ್ಶ ಸೂಚ್ಯಂಕ ಎಂದು ಕರೆದರು. ಮನೆಯ ಲೆಕ್ಕಕ್ಕೆ ನನ್ನ ಆಯ್ಕೆ ಹಳೆಯ ಪಟ್ಟಿಯದೇ. ಪ್ರಮಾಣವನ್ನು ಒಂದು ಸಲ ಬರೆದಿಟ್ಟರೆ ಸಾಕು, ಪ್ರತಿ ವರ್ಷ ಬೆಲೆ ಮಾತ್ರ ಕೇಳಿಕೊಂಡರಾಯಿತು.

ಇಲ್ಲೇ ಇನ್ನೊಂದು ವಿಷಯ ಗಮನಿಸಿ. ನಮ್ಮ ಖರ್ಚು ನಿಜವಾಗಿ 4,000ದಿಂದ 5,140ಕ್ಕೆ ಹೋಯಿತು. ಅಂದರೆ 128.5. ಇದು ಬೆಲೆ ಸೂಚ್ಯಂಕವೇ ಅಲ್ಲ, ಖರ್ಚಿನ ಏರಿಕೆ. ಇದರಲ್ಲಿ ಬೆಲೆಯೂ ಇದೆ, ನಾವು ತರುವುದನ್ನು ಬದಲಾಯಿಸಿದ್ದೂ ಇದೆ. ಮಗಳ ಮದುವೆಯಾಗಿ ಮನೆಯಲ್ಲಿ ಒಬ್ಬರು ಕಡಿಮೆಯಾದರೆ ಖರ್ಚು ಇಳಿಯುತ್ತದೆ, ಬೆಲೆ ಇಳಿದಿರುವುದಿಲ್ಲ. ಎರಡು ವರ್ಷದ ಬಿಲ್ಲಿನ ಮೊತ್ತ ಹೋಲಿಸಿ "ಬೆಲೆ ಇಷ್ಟು ಏರಿತು" ಅನ್ನುವವರು ತುಂಬಾ ಜನ. ಪ್ರಮಾಣ ಒಂದೇ ಇಟ್ಟಾಗ ಮಾತ್ರ ಆ ಮಾತು ಹೇಳಬಹುದು.

ಹಾಲಿನ ಪ್ಯಾಕೆಟ್ ಮತ್ತು ಕರೆಂಟ್ ಬಿಲ್ಲು

ಕರ್ನಾಟಕದ ಮನೆಗಳು ಇತ್ತೀಚೆಗೆ ಕಂಡ ಎರಡು ಬದಲಾವಣೆ ಈ ಲೆಕ್ಕಕ್ಕೆ ಒಳ್ಳೆಯ ಪರೀಕ್ಷೆ.

2024ರ ಜೂನ್ ಕೊನೆಯಲ್ಲಿ ನಂದಿನಿ ಹಾಲಿನ ಪ್ಯಾಕೆಟ್ ಬೆಲೆ 2 ರೂಪಾಯಿ ಏರಿತು. ಜೊತೆಗೆ ಪ್ರತಿ ಪ್ಯಾಕೆಟಿಗೆ 50 ಮಿ.ಲೀ. ಹಾಲು ಸೇರಿತು. ಒಂದು ಲೀಟರಿನ 42 ರೂಪಾಯಿ ಪ್ಯಾಕೆಟ್ 1,050 ಮಿ.ಲೀ. ಆಗಿ 44 ರೂಪಾಯಿ ಆಯಿತು. ಪ್ಯಾಕೆಟ್ ಲೆಕ್ಕ ಹಿಡಿದರೆ ಹಾಲು ಸುಮಾರು ಶೇಕಡ 4.8 ಏರಿದೆ. ಲೀಟರ್ ಲೆಕ್ಕ ಹಿಡಿದರೆ 44ನ್ನು 1.05ರಿಂದ ಭಾಗಿಸಬೇಕು, 41.90. ಏರಿಲ್ಲ, ಹತ್ತು ಪೈಸೆ ಇಳಿದಿದೆ. ಹಾಗಾಗಿಯೇ ನಾನು ಪಟ್ಟಿಯಲ್ಲಿ 2024ಕ್ಕೆ 42 ಅಂತ ಬರೆದದ್ದು. ಆದರೂ ಅಪ್ಪನ ಜೇಬಿನಿಂದ ಪ್ರತಿ ಪ್ಯಾಕೆಟಿಗೆ ಎರಡು ರೂಪಾಯಿ ಜಾಸ್ತಿ ಹೋಗಿದ್ದು ನಿಜ. ಅದು ಹೆಚ್ಚು ಹಾಲು ಕೊಂಡದ್ದರ ಖರ್ಚು, ಬೆಲೆಯದ್ದಲ್ಲ. ಬಿಸ್ಕತ್ತು, ಸೋಪು, ಚಿಪ್ಸ್‌ನಲ್ಲಿ ಇದು ತಲೆಕೆಳಗಾಗಿ ನಡೆಯುತ್ತದೆ. ಬೆಲೆ ಹತ್ತೇ ರೂಪಾಯಿ, ಒಳಗಿನ ಗ್ರಾಂ ಕಡಿಮೆ. ಬೆಲೆ ಬರೆಯುವಾಗ ಪ್ಯಾಕೆಟ್ ತಿರುಗಿಸಿ ನಿವ್ವಳ ತೂಕ ನೋಡಿ, ಯಾವಾಗಲೂ ಕೆ.ಜಿ. ಇಲ್ಲವೇ ಲೀಟರಿಗೆ ಇಳಿಸಿ ಬರೆಯಿರಿ.

ಎರಡನೆಯದು ಗೃಹಜ್ಯೋತಿ. 2023ರಿಂದ ತಿಂಗಳಿಗೆ 200 ಯೂನಿಟ್ ಮಿತಿಯೊಳಗೆ ಅರ್ಹ ಮನೆಗಳಿಗೆ ಕರೆಂಟ್ ಉಚಿತ. ನಮ್ಮ ಪಟ್ಟಿಗೆ ಕರೆಂಟ್ ಸೇರಿಸೋಣ. 2019ರಲ್ಲಿ 80 ಯೂನಿಟ್, ಯೂನಿಟಿಗೆ ಸುಮಾರು 6 ರೂಪಾಯಿಯಂತೆ 480 ರೂಪಾಯಿ ಬರುತ್ತಿತ್ತು ಅಂದುಕೊಳ್ಳಿ. 2024ರಲ್ಲಿ ಸೊನ್ನೆ. ಆಗ ಹಳೆಯ ಮೊತ್ತ 4,480, ಹೊಸ ಮೊತ್ತ ಅದೇ 5,190. ಸೂಚ್ಯಂಕ 115.8!

ಒಂದೇ ಸಾಲು ಸೇರಿಸಿದ್ದಕ್ಕೆ ಏರಿಕೆ ಶೇಕಡ 30ರಿಂದ 16ಕ್ಕೆ ಇಳಿಯಿತು. ಇದು ತಪ್ಪಲ್ಲ. ನಮ್ಮ ಮನೆ ನಿಜವಾಗಿ ಕೊಡುವ ಬೆಲೆ ಎಷ್ಟು ಏರಿದೆ ಅಂತ ಕೇಳಿದರೆ ಇದೇ ಉತ್ತರ. ಅಂಗಡಿಯ ಬೆಲೆ ಎಷ್ಟು ಏರಿದೆ ಅಂತ ಕೇಳಿದರೆ ಹಳೆಯದೇ ಉತ್ತರ. ಎರಡನ್ನೂ ಹಾಕಿ, ಯಾವುದು ಯಾವುದರದ್ದು ಅಂತ ಪಕ್ಕದಲ್ಲಿ ಬರೆದಿಡಿ. ಸಬ್ಸಿಡಿ ಗ್ಯಾಸ್, ಪಡಿತರ ಅಕ್ಕಿ, ಮಹಿಳೆಯರ ಉಚಿತ ಬಸ್ ಪ್ರಯಾಣಕ್ಕೂ ಇದೇ ನಿಯಮ. ಒಂದು ವರ್ಷಕ್ಕೆ ಸಬ್ಸಿಡಿ ಕಳೆದ ಬೆಲೆ, ಇನ್ನೊಂದು ವರ್ಷಕ್ಕೆ ಪೂರ್ತಿ ಬೆಲೆ ಬರೆದರೆ ಮಾತ್ರ ಲೆಕ್ಕ ಯಾವ ಪ್ರಶ್ನೆಗೂ ಉತ್ತರವಾಗುವುದಿಲ್ಲ.

ಸರ್ಕಾರದ ಅಂಕಿ ನಮ್ಮದಕ್ಕೆ ಹೊಂದದಿದ್ದರೆ

ಟಿ.ವಿ.ಯಲ್ಲಿ ಹೇಳುವ ಚಿಲ್ಲರೆ ಹಣದುಬ್ಬರವೂ ಇದೇ ರೀತಿಯ ತೂಕದ ಲೆಕ್ಕ. ಆದರೆ ಆ ತೂಕ ಇಡೀ ದೇಶದ ಮನೆಗಳ ಖರ್ಚಿನ ಸಮೀಕ್ಷೆಯಿಂದ ಬಂದದ್ದು. 2012 ಮೂಲ ವರ್ಷದ ಗ್ರಾಹಕ ಬೆಲೆ ಸೂಚ್ಯಂಕದಲ್ಲಿ ಆಹಾರ ಮತ್ತು ಪಾನೀಯಕ್ಕೆ ಹಳ್ಳಿಗಳಲ್ಲಿ 54.18, ಪಟ್ಟಣಗಳಲ್ಲಿ 36.29, ಎರಡೂ ಸೇರಿ 45.86 ತೂಕ ಕೊಟ್ಟಿದ್ದರು. ಒಂದೇ ತಿಂಗಳಲ್ಲಿ ತರಕಾರಿ, ಬೇಳೆ ಏರಿದರೆ ಹಳ್ಳಿಯ ಸೂಚ್ಯಂಕ ಪಟ್ಟಣದ್ದಕ್ಕಿಂತ ಜಾಸ್ತಿ ಜಿಗಿಯುವುದು ಇದಕ್ಕೇ. ಸಂಬಳದ ಮುಕ್ಕಾಲು ಭಾಗ ದಿನಸಿಗೇ ಹೋಗುವ ಮನೆಗೆ ದೇಶದ ಅಂಕಿ ಕಡಿಮೆ ಅನ್ನಿಸಿದರೆ ಆ ಮನೆಯವರ ಅನುಭವ ಸುಳ್ಳಲ್ಲ. ಅವರ ತೂಕ ಬೇರೆ.

ಬಂದ ಸಂಖ್ಯೆಯಿಂದ ಏನು ಮಾಡಬಹುದು

ಮೊದಲನೆಯದು, ವರ್ಷಕ್ಕೆ ಎಷ್ಟು ಏರಿತು ಅನ್ನುವುದು. 29.75ನ್ನು 5ರಿಂದ ಭಾಗಿಸಿ 5.95 ಅನ್ನಬೇಡಿ. ಬೆಲೆ ಏರಿದ ಮೇಲೆ ಮತ್ತೆ ಏರುತ್ತದೆ, ಬಡ್ಡಿಯ ಮೇಲೆ ಬಡ್ಡಿಯ ಹಾಗೆ. ವರ್ಷಕ್ಕೆ 5.95ರಂತೆ ಏರಿದ್ದರೆ ಐದು ವರ್ಷಕ್ಕೆ ಸೂಚ್ಯಂಕ 133.5 ಆಗಬೇಕಿತ್ತು. ಸರಿಯಾದದ್ದು ಐದನೇ ಮೂಲ ತೆಗೆಯುವುದು:

```
=(129.75/100)^(1/5)-1
```

ಉತ್ತರ 0.0535, ಅಂದರೆ ವರ್ಷಕ್ಕೆ ಶೇಕಡ 5.35.

ಅಂಶಕ್ಕೂ ಶೇಕಡಕ್ಕೂ ಗೊಂದಲ ಮಾಡಿಕೊಳ್ಳಬೇಡಿ. 2023ರಲ್ಲಿ ಸೂಚ್ಯಂಕ 124 ಇತ್ತು ಅಂದುಕೊಳ್ಳಿ. 129.75ಕ್ಕೆ ಏರಿದ್ದು 5.75 ಅಂಶ. ಆದರೆ ಆ ಒಂದು ವರ್ಷದ ಏರಿಕೆ ಶೇಕಡ 4.6, ಯಾಕೆಂದರೆ ಭಾಗಿಸಬೇಕಾದ್ದು 124ರಿಂದ.

ಇನ್ನು ಸಂಬಳ. 2019ರಲ್ಲಿ 30,000 ಇದ್ದ ಸಂಬಳ 2024ರಲ್ಲಿ 37,500 ಆಗಿದ್ದರೆ ಶೇಕಡ 25 ಏರಿದೆ. 37,500ನ್ನು 1.2975ರಿಂದ ಭಾಗಿಸಿ. ಸುಮಾರು 28,900. ಈ ಸಾಮಾನಿನ ಲೆಕ್ಕದಲ್ಲಿ ನೋಡಿದರೆ ಕೈಯಲ್ಲಿರುವುದು ಹಳೆಯ 28,900 ರೂಪಾಯಿಗೆ ಸಮ, ಅಂದರೆ ಒಂದು ಹೆಜ್ಜೆ ಹಿಂದೆ. ಆದರೆ ನಮ್ಮ ಪಟ್ಟಿಯಲ್ಲಿ ಬಾಡಿಗೆ ಇಲ್ಲ, ಸ್ಕೂಲ್ ಫೀಸ್ ಇಲ್ಲ, ಆಸ್ಪತ್ರೆ ಇಲ್ಲ. ಸಂಬಳ ಅಳೆಯುವುದಾದರೆ ಅವನ್ನೂ ಪಟ್ಟಿಗೆ ತನ್ನಿ. ಬಾಡಿಗೆಯ ತೂಕವೊಂದೇ ಸಾಕು ಉತ್ತರವನ್ನು ಅತ್ತಿತ್ತ ಎಳೆಯಲು.

ಪಟ್ಟಿ ಹಳತಾದಾಗ

ಐದಾರು ವರ್ಷಕ್ಕೊಮ್ಮೆ ಪಟ್ಟಿ ಬದಲಾಯಿಸಲೇಬೇಕಾಗುತ್ತದೆ. 2019ರ ಪಟ್ಟಿಯಲ್ಲಿ ಇಲ್ಲದ ಖರ್ಚು ಈಗ ಇರುತ್ತದೆ. ಹಾಗೆಂದು ಹಳೆಯ ಲೆಕ್ಕ ಎಸೆಯಬೇಡಿ. 2024ರಲ್ಲಿ ಹೊಸ ಪಟ್ಟಿ ಶುರು ಮಾಡಿ, ಅದರ 2024ನ್ನು 100 ಅನ್ನಿ. 2025ಕ್ಕೆ ಹೊಸ ಪಟ್ಟಿಯಲ್ಲಿ 104 ಬಂದರೆ, ಹಳೆಯ ಸರಣಿಯಲ್ಲಿ ಅದು 129.75 ಗುಣಿಸು 1.04, ಅಂದರೆ ಸುಮಾರು 134.9. ಎರಡು ಸರಣಿ ಒಂದೇ ವರ್ಷದಲ್ಲಿ ಕೈಕುಲುಕಬೇಕು, ಆ ವರ್ಷಕ್ಕೆ ಎರಡೂ ಪಟ್ಟಿಯ ಬೆಲೆ ನಿಮ್ಮಲ್ಲಿರಬೇಕು. ಅದಿಲ್ಲದೆ ಜೋಡಿಸಲು ಬರುವುದಿಲ್ಲ.

ಕೈಗಾರಿಕಾ ಕಾರ್ಮಿಕರ ಗ್ರಾಹಕ ಬೆಲೆ ಸೂಚ್ಯಂಕದಲ್ಲಿ ಮಾಡಿದ್ದೂ ಇದೇ. ಮೂಲ ವರ್ಷ 2001ರಿಂದ 2016ಕ್ಕೆ ಬಂದಾಗ ಜೋಡಿಸುವ ಗುಣಕ 2.88 ಅಂತ ಕೊಟ್ಟರು. ಹೊಸ ಸರಣಿಯಲ್ಲಿ 140 ಅಂದರೆ ಹಳೆಯದರಲ್ಲಿ 403.2. ತುಟ್ಟಿಭತ್ಯೆಯ ಲೆಕ್ಕ ನೋಡುವ ನೌಕರರು ಹಳೆಯ ಮತ್ತು ಹೊಸ ಅಂಕಿಗಳನ್ನು ಗುಣಕವಿಲ್ಲದೆ ಪಕ್ಕಪಕ್ಕ ಇಟ್ಟರೆ ಸೂಚ್ಯಂಕ ಒಮ್ಮೆಲೇ ಕುಸಿದಂತೆ ಕಾಣುತ್ತದೆ.

ನಾನು ಅಮ್ಮನ ಪುಸ್ತಕದ ಕೊನೆಯ ಪುಟದಲ್ಲಿ ಮೂರು ಸಾಲು ಬರೆದಿಟ್ಟಿದ್ದೇನೆ: ಮೂಲ ವರ್ಷ 2019, ಪಟ್ಟಿಯ ಪ್ರಮಾಣಗಳು, ಬೆಲೆಗಳು ಸಬ್ಸಿಡಿ ಸೇರಿಯೋ ಕಳೆದೋ ಅನ್ನುವುದು. ಹೊಸ ವರ್ಷದ ಬೆಲೆಗಳನ್ನು ಅಮ್ಮ ಈಗ ಅದೇ ಪುಟದ ಪಕ್ಕದಲ್ಲಿ ಪೆನ್ಸಿಲಿನಲ್ಲಿ ತುಂಬುತ್ತಿದ್ದಾರೆ, ಹೆಸರುಬೇಳೆಗೂ ಒಂದು ಸಾಲು ಬಿಟ್ಟು.